ಕೆಂಪೇಗೌಡರ ತಲೆಯ ಮೇಲೆ ಯಾರ ಕಿರೀಟ?

ಶಾಲಾ ನಾಟಕದ ಪೋಸ್ಟರಿನಲ್ಲಿ ಕೆಂಪೇಗೌಡರನ್ನು ಗುರುತಿಸುವುದು ಕಷ್ಟವಲ್ಲ. ತಲೆಯ ಮೇಲೆ ಚಿನ್ನದ ಕಿರೀಟ, ಅದರ ಕೆಳಗಿನಿಂದ ಹೆಗಲಿಗೆ ಇಳಿಯುವ ಗುಂಗುರು ಕೂದಲು, ಸಾಲುಗುಂಡಿಯ ಕೆಂಪು ಮಖಮಲ್ ಅಂಗಿ, ಎದೆ ತುಂಬ ಮುತ್ತಿನ ಸರ, ಮೂತಿ ಸುತ್ತಿದ ಜೋಡು, ಬೆನ್ನ ಹಿಂದೆ ಕಲ್ಲಿನ ಕೋಟೆ. ಈ ಸಾಮಗ್ರಿಯ ನಡುವೆ ಎಂಟನೇ ತರಗತಿಯ ಒಬ್ಬ ಹುಡುಗನ ಮುಖ. ಅದೂ ಅವನಿಗಿಂತ ಎರಡು ಬಣ್ಣ ಬೆಳ್ಳಗೆ.

ಹೆಸರಿನ ಸಾಲನ್ನು ಅಳಿಸಿ ನೋಡಿ. ಅದೇ ಚಿತ್ರ ಪುಲಿಕೇಶಿಗೂ ಆಗುತ್ತದೆ, ಕೃಷ್ಣದೇವರಾಯನಿಗೂ ಆಗುತ್ತದೆ, ಶಿವಾಜಿಗೂ ಆಗುತ್ತದೆ. ಸಾವಿರ ವರ್ಷಗಳ ಅವಧಿಯ ಎಲ್ಲರಿಗೂ ಒಬ್ಬನೇ ದರ್ಜಿ! ಆ ದರ್ಜಿ ಇರುವುದು ಫೋನಿನ ಎಡಿಟಿಂಗ್ ಆ್ಯಪಿನಲ್ಲಿ, ಇಲ್ಲವೇ ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ 'ರಾಜ' ಎಂಬ ಹೆಸರಿನಲ್ಲಿ ಉಳಿಸಿಟ್ಟ ಒಂದು ಫೈಲಿನಲ್ಲಿ. ಯಲಹಂಕದ ನಾಡಪ್ರಭುವಿಗೆ, ಯಲಹಂಕದಲ್ಲೇ, ಯಲಹಂಕದ ಮಕ್ಕಳ ಕೈಯಲ್ಲೇ ಈ ಬಟ್ಟೆ ತೊಡಿಸುತ್ತಿದ್ದೇವೆ. ಇದನ್ನು ನಿಲ್ಲಿಸಬೇಕು ಎಂಬುದು ನನ್ನ ವಾದ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ರಂಗದ ಮೇಲಿನ ಕಿರೀಟದ ಬಗ್ಗೆ ನನಗೆ ತಕರಾರಿಲ್ಲ. ಯಕ್ಷಗಾನದ ಕೇದಗೆ ಮುಂದಲೆಯನ್ನು ನೋಡಿ ಅಭಿಮನ್ಯು ನಿಜಕ್ಕೂ ಹೀಗೆಯೇ ಇದ್ದ ಎಂದು ಯಾರೂ ನಂಬುವುದಿಲ್ಲ. ಕಂಪನಿ ನಾಟಕದವರು ಜರಿ, ಮಖಮಲ್ಲು, ಗಾಜಿನ ಹರಳು ಬಳಸಿದ್ದಕ್ಕೆ ಒಂದು ಕಾರಣವಿತ್ತು. ಮಂದ ದೀಪದ ಬೆಳಕಿನಲ್ಲಿ, ಹಿಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕೂತವನಿಗೂ ರಾಜ ಯಾರೆಂದು ಹೊಳೆಯಬೇಕಿತ್ತು. ಅದು ವೇಷ. ವೇಷ ತಾನು ವೇಷವೆಂದು ಒಪ್ಪಿಕೊಂಡೇ ನಮ್ಮ ಮುಂದೆ ಬರುತ್ತದೆ. ಹುಡುಗ ರಟ್ಟಿನ ಕಿರೀಟ ಇಟ್ಟುಕೊಂಡು ನಿಂತರೆ ರಟ್ಟು ಕಾಣುತ್ತದೆ, ಅಂಟು ಕಾಣುತ್ತದೆ, ಅವನ ನಗು ಕಾಣುತ್ತದೆ. ಅದರಲ್ಲಿ ಸುಳ್ಳಿಲ್ಲ.

ಎಡಿಟ್ ಮಾಡಿದ ಫೋಟೋ ಬೇರೆ ಜಾತಿಯದು. ಅದು ರಟ್ಟನ್ನೂ ಅಂಟನ್ನೂ ಅಳಿಸುತ್ತದೆ. ಲೋಹಕ್ಕೆ ಲೋಹದ ಹೊಳಪು, ಕೂದಲಿಗೆ ಕೂದಲಿನ ಎಳೆ ಕೊಟ್ಟು, ಹೀಗೇ ಇದ್ದರು, ನೋಡಿಕೊಳ್ಳಿ ಎನ್ನುತ್ತದೆ. ಫೋಟೋ ಎಂಬುದು ಸಾಕ್ಷಿ ಹೇಳುವ ಭಾಷೆ. ಆ ಭಾಷೆಯಲ್ಲಿ ಮಾತಾಡಲು ಹೊರಟವರು ಸಾಕ್ಷಿಗೆ ಬದ್ಧರಾಗಿರಬೇಕು. ನಾಟಕ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಪೋಸ್ಟರು ಗೇಟಿನಲ್ಲಿ ತಿಂಗಳುಗಟ್ಟಲೆ ನೇತಾಡುತ್ತದೆ, ಸ್ಟೇಟಸ್ಸುಗಳಲ್ಲಿ ಸುತ್ತುತ್ತದೆ, ಮುಂದಿನ ವರ್ಷದ ಪೋಸ್ಟರು ಮಾಡುವವರಿಗೆ ಅದೇ ಮಾದರಿಯಾಗುತ್ತದೆ.

"ಕೆಂಪೇಗೌಡರು ಹೇಗಿದ್ದರೆಂದು ಯಾರಿಗೆ ಗೊತ್ತು? ಗೊತ್ತಿಲ್ಲದ ಮೇಲೆ ಕಿರೀಟ ಹಾಕಿದರೆ ಏನು ತಪ್ಪು?" ಇದು ನನಗೆ ಅತಿ ಹೆಚ್ಚು ಸಲ ಸಿಕ್ಕಿರುವ ಉತ್ತರ. ಮುಖ ಗೊತ್ತಿಲ್ಲ ಎನ್ನುವುದಕ್ಕೂ ಬಟ್ಟೆ ಗೊತ್ತಿಲ್ಲ ಎನ್ನುವುದಕ್ಕೂ ವ್ಯತ್ಯಾಸವಿದೆ. ಬೆಂಗಳೂರಿನ ಕೋಟೆ ಕಟ್ಟಿದ್ದು 1537ರಲ್ಲಿ ಎನ್ನುತ್ತೇವೆ. ಆಗ ವಿಜಯನಗರದ ಸಿಂಹಾಸನದಲ್ಲಿ ಇದ್ದವನು ಅಚ್ಯುತರಾಯ. ಅದೇ ಅಚ್ಯುತರಾಯನ ಕಾಲದಲ್ಲಿ, ವಿರೂಪಣ್ಣ ಎಂಬ ಅವನ ಅಧಿಕಾರಿ ಲೇಪಾಕ್ಷಿಯ ವೀರಭದ್ರ ದೇವಾಲಯವನ್ನು ಕಟ್ಟಿಸಿ, ಚಾವಣಿಯ ತುಂಬ ಚಿತ್ರ ಬರೆಸಿದ. ಅಂದರೆ ಕೆಂಪೇಗೌಡರು ಬದುಕಿದ್ದ ಕಾಲದ, ಅವರದೇ ಒಡೆಯನ ಕೈಕೆಳಗಿನ, ಅವರ ಅಂತಸ್ತಿಗೆ ಹತ್ತಿರವಾದ ಜನರ ಬಣ್ಣದ ಚಿತ್ರಗಳು ಇವತ್ತಿಗೂ ಇವೆ. ಯಲಹಂಕದಿಂದ ಹೈದರಾಬಾದ್ ಹೆದ್ದಾರಿ ಹಿಡಿದು ಚಿಕ್ಕಬಳ್ಳಾಪುರ, ಬಾಗೇಪಲ್ಲಿ ದಾಟಿ, ಕೊಡಿಕೊಂಡದ ಹತ್ತಿರ ಎಡಕ್ಕೆ ತಿರುಗಿದರೆ ಲೇಪಾಕ್ಷಿ. ಸುಮಾರು 100 ಕಿಲೋಮೀಟರ್. ಶಾಲೆಯ ಬಸ್ಸು ಬೆಳಿಗ್ಗೆ ಹೋಗಿ ಸಂಜೆ ಬರಬಹುದು.

ಅಲ್ಲಿ ತಲೆಯೆತ್ತಿ ನೋಡಿದರೆ ಗಂಡಸರ ತಲೆಯ ಮೇಲೆ ಕಾಣುವುದು ಎತ್ತರದ, ಮೇಲೆ ಹೋದಂತೆ ಸಪೂರವಾಗುವ ಬಟ್ಟೆಯ ಟೋಪಿ. ಕೆಲವಕ್ಕೆ ಪಟ್ಟೆ, ಕೆಲವಕ್ಕೆ ಹೂವಿನ ಬುಟ್ಟ. ಇದರ ಹೆಸರು ಕುಲ್ಲಾಯಿ. ಆಸ್ಥಾನಿಕರು ಇದರ ಜೊತೆ ತೊಡುತ್ತಿದ್ದ ಉದ್ದ ತೋಳಿನ, ತೆಳು ಬಟ್ಟೆಯ ನಿಲುವಂಗಿಯ ಹೆಸರು ಕಬಾಯಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ರಾಯ ಉಟ್ಟಿದ್ದು ಚಿನ್ನದ ಎಳೆಯಲ್ಲಿ ಹೂವು ನೇಯ್ದ ಬಿಳಿ ಬಟ್ಟೆ, ತಲೆಗೆ ಜರತಾರಿ ಟೋಪಿ, ಕಾಲು ಬರಿಗಾಲು. ರಾಜನ ಎದುರು ಹೋಗುವವರೂ ಬರಿಗಾಲಲ್ಲೇ ಹೋಗಬೇಕಿತ್ತು. ತಿರುಮಲೆಯಲ್ಲಿ ಕೃಷ್ಣದೇವರಾಯ ತನ್ನ ಇಬ್ಬರು ರಾಣಿಯರ ಜೊತೆ ಕೈಮುಗಿದು ನಿಂತಿರುವ ಲೋಹದ ಪ್ರತಿಮೆಯಿದೆ. ಅಲ್ಲಿ ಅವನ ಮೈ ಬರಿದು, ಸೊಂಟಕ್ಕೆ ಪಂಚೆ; ಆದರೆ ತಲೆಯ ಮೇಲೆ ಅದೇ ಎತ್ತರದ ಕುಲ್ಲಾಯಿ. ಸಾಮ್ರಾಟನ ತಲೆಯಲ್ಲೇ ಇಲ್ಲದ ಕಿರೀಟ ಅವನ ನಾಡಪ್ರಭುವಿನ ತಲೆಗೆ ಎಲ್ಲಿಂದ ಬಂತು? ಆ ಕಾಲದ ಶಿಲ್ಪಿ ಕಿರೀಟ ಇಡುತ್ತಿದ್ದದ್ದು ವಿಷ್ಣುವಿಗೆ, ದ್ವಾರಪಾಲಕನಿಗೆ. ಮನುಷ್ಯನಿಗೆ ಮನುಷ್ಯನ ಟೋಪಿ ಸಾಕಿತ್ತು.

ಇಲ್ಲಿಯೇ ಈ ಜಗಳ ಬಟ್ಟೆಯನ್ನು ಮೀರಿ ಹೋಗುತ್ತದೆ. ಕಬಾಯಿ ಅರಬ್ಬಿ ಮೂಲದ ಮಾತು, ಕುಲ್ಲಾಯಿ ಪಾರಸಿ ಮೂಲದ್ದು. ಬಟ್ಟೆಯೂ ಅದೇ ದಾರಿಯಲ್ಲಿ ಬಂದದ್ದು. ಫಿಲಿಪ್ ವ್ಯಾಗನರ್ ಎಂಬ ಇತಿಹಾಸಕಾರರು 1996ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ. ವಿಜಯನಗರದ ಅರಸರು ಬಿರುದಾವಳಿಯಲ್ಲಿ 'ಹಿಂದೂರಾಯ ಸುರತ್ರಾಣ' ಎಂದು, ಅಂದರೆ ಹಿಂದೂ ರಾಜರ ನಡುವಿನ ಸುಲ್ತಾನನೆಂದು ಕರೆದುಕೊಂಡರು. ಆಸ್ಥಾನದಲ್ಲಿ ಕಬಾಯಿ, ಕುಲ್ಲಾಯಿ ತೊಟ್ಟರು. ಅದರಿಂದ ಅವರ ದೇವರು ಬದಲಾಗಲಿಲ್ಲ. ಅಂದಿನ ದೊಡ್ಡ ಲೋಕದ ಜೊತೆ ಸರಿಸಮವಾಗಿ ಕೂತು ಮಾತಾಡುವ ಸಭ್ಯ ಉಡುಪು ಅದಾಗಿತ್ತು, ಅಷ್ಟೆ. ಇವತ್ತು ಪ್ಯಾಂಟು ಶರ್ಟು ಹಾಕಿದವನ ಧರ್ಮವನ್ನು ನಾವು ಅನುಮಾನಿಸುತ್ತೇವೆಯೇ?

ಕಿರೀಟದ ಪೋಸ್ಟರು ಈ ಇಡೀ ಸಂಗತಿಯನ್ನು ಒಂದೇ ಏಟಿಗೆ ಒರೆಸಿಹಾಕುತ್ತದೆ. ಯಾರ ಸಂಪರ್ಕವೂ ಇಲ್ಲದ, ಪುರಾಣದಿಂದ ನೇರವಾಗಿ ಇಳಿದು ಬಂದ ರಾಜನೊಬ್ಬನನ್ನು ತಯಾರಿಸುತ್ತದೆ. ತಮಾಷೆಯೆಂದರೆ, 'ಪರಕೀಯ'ವೆಂದು ಕುಲ್ಲಾಯಿಯನ್ನು ಬೇಡವೆನ್ನುವವರು ಅದರ ಜಾಗದಲ್ಲಿ ತೊಡಿಸುವುದು ಸಾಲುಗುಂಡಿಯ ಶೇರ್ವಾನಿಯನ್ನು. ಅದು ರೂಪುಗೊಂಡದ್ದೇ 19ನೇ ಶತಮಾನದ ಉತ್ತರ ಭಾರತದಲ್ಲಿ! ಇನ್ನು ಕುಲ್ಲಾಯಿ ಎಷ್ಟು ಪರಕೀಯ ಎಂದು ಕೇಳಿದರೆ, ನಮ್ಮ ಮನೆಗಳಲ್ಲಿ ಹಸುಗೂಸಿನ ತಲೆಗೆ ಅಜ್ಜಿಯರು ಹೊಲಿಯುವ ಕುಲಾವಿಯನ್ನು ನೆನಪಿಸಿಕೊಳ್ಳಿ. ಅದೂ ಇದೇ ಬಳಗದ ಮಾತು. ನಾಡಪ್ರಭುವಿನ ತಲೆಯಿಂದ ನಾವು ಕಿತ್ತೆಸೆದ ಟೋಪಿಯ ಹೆಸರು ತೊಟ್ಟಿಲಿನಲ್ಲಿ ಉಳಿದುಕೊಂಡಿದೆ.

"ಸರಿ ಸ್ವಾಮಿ, ಆದರೆ ಮೇಷ್ಟ್ರಿಗೆ ಎರಡೇ ದಿನ ಸಮಯ, ದುಡ್ಡೂ ಇಲ್ಲ, ಇದನ್ನೆಲ್ಲ ಮಾಡುವುದು ಯಾರು?" ಎಂಬ ಪ್ರಶ್ನೆ ಬರುತ್ತದೆ. ಕುಲ್ಲಾಯಿಯ ಪೋಸ್ಟರು ಕಿರೀಟದ ಪೋಸ್ಟರಿಗಿಂತ ಸುಲಭ ಎಂಬುದೇ ನನ್ನ ಉತ್ತರ. ಒಂದು ಉದಾಹರಣೆಯನ್ನು ಕೊನೆಯವರೆಗೆ ನೋಡೋಣ.

ಎಂಟನೇ ತರಗತಿಯ ಹುಡುಗ ಎಂದಿಟ್ಟುಕೊಳ್ಳಿ. ಶಾಲೆಯ ಶಿಸ್ತಿನ ಪ್ರಕಾರ ಕೂದಲು ಗಿಡ್ಡಗೆ ಕತ್ತರಿಸಿದೆ. ಕಿರೀಟ ಮೇಲೆ ಇಟ್ಟರೆ ಅದರ ಕೆಳಗೆ ಬೋಳು ಕುತ್ತಿಗೆ, ಬೋಳು ಕಿವಿ ಎದ್ದು ಕಾಣುತ್ತವೆ. ಅದಕ್ಕೆ ಎಡಿಟರ್ ಉದ್ದ ಕೂದಲು ಸೇರಿಸುತ್ತಾನೆ. ಕೂದಲಿನ ಅಂಚು ಮುಖದ ಅಂಚಿಗೆ ಕೂಡುವುದಿಲ್ಲ. ಕೆನ್ನೆಯ ಸುತ್ತ ಬಿಳಿ ಗೆರೆ ಉಳಿಯುತ್ತದೆ. ಅದನ್ನು ಮುಚ್ಚಲು ಮುಖವನ್ನು ನುಣುಪು ಮಾಡುತ್ತಾನೆ. ನುಣುಪು ಮಾಡುವ ಅದೇ ಗುಂಡಿ ಮುಖವನ್ನು ಬೆಳ್ಳಗೂ ಮಾಡುತ್ತದೆ. ಇಷ್ಟಾದ ಮೇಲೆ ಕೈಯ ಬಣ್ಣ ಮುಖಕ್ಕೆ ಹೊಂದುವುದಿಲ್ಲವೆಂದು ಇಡೀ ದೇಹವನ್ನೇ ತೆಗೆದು 'ರಾಜ' ಫೈಲಿನ ದೇಹ ಅಂಟಿಸುತ್ತಾನೆ. ಒಂದು ಕಿರೀಟದ ತಪ್ಪಿನಿಂದ ಶುರುವಾಗಿ ಹುಡುಗನೇ ಮಾಯವಾದ.

ಕುಲ್ಲಾಯಿ ಇಟ್ಟರೆ ಈ ಸರಪಳಿ ಶುರುವಾಗುವುದೇ ಇಲ್ಲ. ಅದು ಕೂದಲನ್ನೆಲ್ಲ ಒಳಗೆ ಸೇರಿಸಿಕೊಂಡು ಹಣೆಯ ಮೇಲಂಚಿನಲ್ಲಿ ಕೂರುತ್ತದೆ. ಕಿವಿ ಹೊರಗೇ ಇರುತ್ತದೆ. ಗಿಡ್ಡ ಕೂದಲು ಒಂದು ಸಮಸ್ಯೆಯೇ ಅಲ್ಲ. ಹುಡುಗನ ಹಣೆ, ಹುಬ್ಬು, ಕಿವಿ, ಕೆನ್ನೆ ಎಲ್ಲವೂ ಅವನದೇ.

ಮೊದಲು ಫೋಟೋ. ಮಧ್ಯಾಹ್ನದ ಬಿಸಿಲು ಬೇಡ, ಮೂಗಿನ ಕೆಳಗೆ ಕರಿ ನೆರಳು ಬೀಳುತ್ತದೆ. ಕಾರಿಡಾರಿನಲ್ಲಿ, ಒಂದು ಪಕ್ಕದಿಂದ ಬೆಳಕು ಬರುವಂತೆ ನಿಲ್ಲಿಸಿ. ಕ್ಯಾಮೆರಾ ಅವನ ಎದೆಯ ಎತ್ತರದಲ್ಲಿರಲಿ. ಯೂನಿಫಾರ್ಮಿನ ಕಾಲರು ಮುಂದೆ ತೊಂದರೆ ಕೊಡುವುದರಿಂದ ಬಿಳಿ ಮಲ್ ಬಟ್ಟೆಯ ಪಂಚೆಯೊಂದನ್ನು ಉಡಿಸಿ, ಇನ್ನೊಂದನ್ನು ಹೆಗಲಿಗೆ ಹೊದಿಸಿ. ಮಡಿಕೆಗಳು ನಿಜವಾಗಿದ್ದರೆ ಎಡಿಟಿಂಗಿನಲ್ಲಿ ಮುಕ್ಕಾಲು ಕೆಲಸ ಉಳಿಯುತ್ತದೆ. ಕಾಲು ಬರಿಗಾಲು.

ಫೋಟೋವನ್ನು ವಾಟ್ಸಾಪಿನಲ್ಲಿ ಮಾಮೂಲಿಯಂತೆ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಇದು ಸಣ್ಣ ವಿಷಯವಾಗಿ ಕಾಣಬಹುದು, ಆದರೆ ಅರ್ಧ ಅನಾಹುತ ಇಲ್ಲಿಂದಲೇ ಬರುತ್ತದೆ. 12×18 ಇಂಚಿನ ಪೋಸ್ಟರು ಹತ್ತಿರದಿಂದ ನೋಡಲು ಚೊಕ್ಕವಾಗಿ ಮುದ್ರಣವಾಗಬೇಕಾದರೆ ಇಂಚಿಗೆ 300 ಚುಕ್ಕೆಯಂತೆ 3600×5400 ಪಿಕ್ಸೆಲ್ ಬೇಕು. ಮಾಮೂಲಿ ವಾಟ್ಸಾಪ್ ಫೋಟೋದ ಉದ್ದ ಬದಿ ಸುಮಾರು 1600 ಪಿಕ್ಸೆಲ್. ಅದನ್ನು 18 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 90 ಚುಕ್ಕೆಯೂ ಸಿಗುವುದಿಲ್ಲ. ಅಂಗಡಿಯವನಿಗೆ ಮಸುಕು ಮುಖ ಸಿಕ್ಕಿದಾಗಲೇ ಅವನು ಚೊಕ್ಕವಾಗಿರುವ ರೆಡಿಮೇಡ್ ದೇಹಕ್ಕೆ ಕೈಹಾಕುವುದು. ಅವನನ್ನು ಬೈದು ಪ್ರಯೋಜನವಿಲ್ಲ.

ಈಗ ಕುಲ್ಲಾಯಿ. ಅದರ ಎತ್ತರ ಹೆಚ್ಚುಕಡಿಮೆ ಗಲ್ಲದಿಂದ ಹಣೆಯವರೆಗಿನ ಮುಖದಷ್ಟು ಇರಲಿ. ಡ್ರಾಯಿಂಗ್ ಶೀಟನ್ನು ಸುತ್ತಿ, ಮೇಲೆ ಬಟ್ಟೆ ಅಂಟಿಸಿ, ನಿಜವಾಗಿ ತಲೆಗಿಟ್ಟೇ ಫೋಟೋ ತೆಗೆದರೆ ಎಲ್ಲಕ್ಕಿಂತ ಒಳ್ಳೆಯದು. ಕಂಪ್ಯೂಟರಿನಲ್ಲೇ ಸೇರಿಸುವುದಾದರೆ ಮೂರು ಕಡೆ ಎಚ್ಚರ ಬೇಕು. ಟೋಪಿಯ ಕೆಳಗಿನ ಅಂಚು ನೇರ ಗೆರೆಯಾಗಿರಬಾರದು, ಹಣೆಯ ದುಂಡನ್ನು ಬಳಸಿ ಬಾಗಬೇಕು. ಬೆಳಕು ಬರುವ ಕಡೆಯ ಟೋಪಿಯ ಮಗ್ಗುಲು ತಿಳಿಯಾಗಿ, ಎದುರು ಮಗ್ಗುಲು ಕಪ್ಪಾಗಿ ಇರಬೇಕು. ಮುಖದ ಬೆಳಕು ಎಡದಿಂದ ಬಂದು ಟೋಪಿಯ ಬೆಳಕು ಬಲದಿಂದ ಬಂದರೆ ತಲೆ ಬೇರೆ, ಟೋಪಿ ಬೇರೆ ಎಂದು ಮಗುವಿಗೂ ಗೊತ್ತಾಗುತ್ತದೆ. ಮೂರನೆಯದಾಗಿ, ಅಂಚಿನ ಕೆಳಗೆ ಹಣೆಯ ಮೇಲೆ ಬೆರಳಿನಗಲದ ಮೆದು ನೆರಳು ಬೀಳಬೇಕು. ಈ ನೆರಳಿಲ್ಲದಿದ್ದರೆ ಟೋಪಿ ತಲೆಯ ಮೇಲೆ ಕೂರುವುದಿಲ್ಲ, ಗಾಳಿಯಲ್ಲಿ ತೇಲುತ್ತದೆ.

ಆಸ್ಥಾನದ ದೃಶ್ಯವಾದರೆ ಪಂಚೆಯ ಮೇಲೆ ಕಬಾಯಿ ಬರಲಿ. ಬಿಳಿ ಹತ್ತಿಬಟ್ಟೆಯ ಮೇಲೆ ಸಣ್ಣ ಬುಟ್ಟ ಸಾಕು. ಮಖಮಲ್ಲಿನ ಹೊಳಪು ಬಂದರೆ ಎಲ್ಲ ಕೆಟ್ಟಿತು. ದೇವಸ್ಥಾನದ ದೃಶ್ಯವಾದರೆ ತಿರುಮಲೆಯ ಪ್ರತಿಮೆಯಂತೆ ಕೈಮುಗಿದು, ಹೊದಿಕೆ ಮಾತ್ರ ಇರಲಿ. ಬಣ್ಣಗಳನ್ನು ಲೇಪಾಕ್ಷಿಯಿಂದಲೇ ಎತ್ತಿಕೊಳ್ಳಿ: ಕಾವಿಕೆಂಪು, ಹಳದಿಮಣ್ಣು, ಬಿಳಿ, ಕಪ್ಪು, ಹಸಿರು. ಮೀಸೆ ಬೇಕೆಂದರೆ ಕಾಡಿಗೆಯಿಂದ ಬರೆಯಿರಿ. ಹದಿಮೂರು ವರ್ಷದವನಿಗೆ ನಲವತ್ತರ ಮೀಸೆಯನ್ನು ಕಂಪ್ಯೂಟರಿನಲ್ಲಿ ಅಂಟಿಸಿದರೆ ಅದು ತುಟಿಯ ಮೇಲೆ ಕಂಬಳಿಹುಳು ಕೂತಂತೆ ಕಾಣುತ್ತದೆ. ಹಿಂದಿನ ಕಲ್ಲಿನ ಕೋಟೆಯನ್ನೂ ತೆಗೆಯಿರಿ. ಕೆಂಪೇಗೌಡರದು ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಕಟ್ಟಿಸಿದ್ದು ಹೈದರ್ ಅಲಿ, 1761ರಲ್ಲಿ.

ಹುಡುಗಿಯರ ವಿಷಯದಲ್ಲಿ ಅನ್ಯಾಯ ಇನ್ನೂ ಹೆಚ್ಚು. ಕೆಂಪೇಗೌಡರ ಸೊಸೆ ಲಕ್ಷ್ಮಮ್ಮನ ಕಥೆಯಿಲ್ಲದೆ ಈ ನಾಟಕ ಮುಗಿಯುವುದಿಲ್ಲ. ಪೋಸ್ಟರಿನಲ್ಲಿ ಆಕೆಗೆ ಮಿರುಗುವ ಸಿಂಥೆಟಿಕ್ ಸೀರೆ, ಗಾಳಿಗೆ ಹಾರುವ ಬಿಚ್ಚುಗೂದಲು. ಲೇಪಾಕ್ಷಿಯ ಹೆಂಗಸರ ಕೂದಲು ತಲೆಯ ಹಿಂದೆ ದುಂಡಗೆ ಕಟ್ಟಿದ ತುರುಬು. ಅವರ ಸೀರೆಗಳ ಪಟ್ಟೆ, ಚೌಕಳಿ, ಬುಟ್ಟಗಳು ಎಷ್ಟು ಬಗೆಯವೆಂದರೆ ನೇಕಾರರು ಇಂದಿಗೂ ಅವುಗಳಿಂದ ವಿನ್ಯಾಸ ತೆಗೆದುಕೊಳ್ಳುತ್ತಾರೆ. ನಮ್ಮ ಕಥನಲೋಕದಲ್ಲಿ ಬಿಚ್ಚಿದ ಮುಡಿಗೆ ಅರ್ಥವಿದೆ; ದ್ರೌಪದಿಯ ಮುಡಿ ಯಾಕೆ ಬಿಚ್ಚಿತ್ತು, ಯಾವಾಗ ಕಟ್ಟಿಕೊಂಡಿತು ಎಂದು ನಮ್ಮ ಹಳ್ಳಿಗಳೂ ಬಲ್ಲವು. ಆ ಅರ್ಥವನ್ನು ಶಾಂಪೂ ಜಾಹೀರಾತಿಗೆ ಮಾರಿಬಿಟ್ಟಿದ್ದೇವೆ. ಎರಡು ಮೊಳ ಕಪ್ಪು ಉಲ್ಲನ್ನಿನ ಸವರಿ ಕಟ್ಟಿ ತುರುಬು ಹಾಕಿದರೆ ಆ ಹುಡುಗಿಗೆ ಎಡಿಟಿಂಗೇ ಬೇಡ.

ಮೈಬಣ್ಣದ ಮಾತನ್ನು ಮತ್ತೆ ಎತ್ತಲೇಬೇಕು. ಪೋಸ್ಟರಿನಲ್ಲಿ ತನ್ನನ್ನು ಬೆಳ್ಳಗೆ ಮಾಡಿದ್ದನ್ನು ಮಗು ನೋಡುತ್ತದೆ. ಅದಕ್ಕೆ ಅರ್ಥವಾಗುವ ಪಾಠ ಒಂದೇ: ನನ್ನ ಬಣ್ಣದವರು ನಾಡು ಕಟ್ಟಿರಲಾರರು. ಬಯಲುಸೀಮೆಯ ಬಿಸಿಲಿನಲ್ಲಿ ನಿಂತು ಕೆರೆ ತೋಡಿಸಿದ, ಮಣ್ಣಿನ ಕೋಟೆ ಎಬ್ಬಿಸಿದ ಒಬ್ಬ ಒಕ್ಕಲು ಮನೆತನದ ಪಾಳೆಯಗಾರನ ಹೆಸರಿನಲ್ಲಿ ಈ ಪಾಠ ಹೇಳುತ್ತಿದ್ದೇವಲ್ಲ, ನಾಚಿಕೆಯಾಗಬೇಕು. ಬೇರೆ ಯಾವುದಕ್ಕೂ ಪುರುಸೊತ್ತಿಲ್ಲದ ಮೇಷ್ಟ್ರು ಇದೊಂದನ್ನಾದರೂ ಮಾಡಬಹುದು. ಪ್ರಿಂಟಿಗೆ ಹೋಗುವ ಮುನ್ನ ಹುಡುಗನನ್ನು ಪೋಸ್ಟರಿನ ಪಕ್ಕ ನಿಲ್ಲಿಸಿ, ಅವನ ಕೈಯನ್ನು ಚಿತ್ರದ ಕೆನ್ನೆಯ ಹತ್ತಿರ ಹಿಡಿದು ನೋಡಲಿ. ಎರಡೂ ಒಬ್ಬನದೇ ಎನ್ನಿಸದಿದ್ದರೆ ಅಂಗಡಿಗೆ ವಾಪಸ್ ಕಳಿಸಲಿ.

ವಿಮಾನ ನಿಲ್ದಾಣದ ಪ್ರತಿಮೆಯನ್ನು ತೋರಿಸಿ ವಾದ ಮಾಡುವವರಿದ್ದಾರೆ. 2022ರ ನವೆಂಬರಿನಲ್ಲಿ ಅನಾವರಣಗೊಂಡ 108 ಅಡಿಯ ಕೆಂಪೇಗೌಡರು ಕೈಯಲ್ಲಿ ಕತ್ತಿ ಹಿಡಿದು ನಿಂತಿದ್ದಾರೆ. ಸರ್ಕಾರವೇ ಹಾಗೆ ಮಾಡಿರುವಾಗ ಶಾಲೆ ಯಾವ ಲೆಕ್ಕ ಎನ್ನುತ್ತಾರೆ. ಪ್ರತಿಮೆ ಒಬ್ಬ ಶಿಲ್ಪಿಯ ಕಲ್ಪನೆ. ಕಂಚಿನ ಗಾತ್ರವೇ ಅದನ್ನು ಸ್ಮಾರಕವೆಂದು ಸಾರುತ್ತದೆ. ಅದನ್ನು ಯಾರೂ ಫೋಟೋ ಎಂದುಕೊಳ್ಳುವುದಿಲ್ಲ. ಶಾಲೆಯ ಕೆಲಸ ಸ್ಮಾರಕ ಕಟ್ಟುವುದಲ್ಲ, ಹೇಗೆ ಗೊತ್ತು ಎಂದು ಕೇಳಲು ಕಲಿಸುವುದು. ಶಿವಗಂಗೆಯ ಗಂಗಾಧರೇಶ್ವರ ದೇವಾಲಯದಲ್ಲಿ ಕೆಂಪೇಗೌಡರ ಲೋಹದ ಪ್ರತಿಮೆಯೊಂದಿದೆ, 1609ರದು. 108 ಅಡಿಯ ಎದುರು ಅದು ಗೊಂಬೆಯಷ್ಟು ಚಿಕ್ಕದು; ಆದರೆ ಅವರ ಕಾಲಕ್ಕೆ ನಾಲ್ಕು ಶತಮಾನ ಹತ್ತಿರ. ಎರಡರ ಫೋಟೋವನ್ನೂ ತರಗತಿಯಲ್ಲಿ ಅಕ್ಕಪಕ್ಕ ಅಂಟಿಸಿ ಯಾವುದನ್ನು ನಂಬಬೇಕು, ಯಾಕೆ ಎಂದು ಕೇಳಿದರೆ ನಾಟಕಕ್ಕಿಂತ ದೊಡ್ಡ ಪಾಠ ಆಗುತ್ತದೆ.

ಕೆಂಪೇಗೌಡರಲ್ಲದೆ ಬೇರೆಯವರೂ ಈ ಸೀಮೆಯಲ್ಲಿದ್ದಾರೆ. 2018ರಲ್ಲಿ ಹೆಬ್ಬಾಳದಲ್ಲಿ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಊರಿಗಾಗಿ ಕಾದಾಡಿ ಸತ್ತ ಕಿತ್ತಯ್ಯನೆಂಬವನ ಹೆಸರು ಅದರಲ್ಲಿದೆ, ಅವನ ಆಕೃತಿಯೂ ಇದೆ. ಅವನಿಗೂ ಕೆಂಪೇಗೌಡರಿಗೂ ನಡುವೆ ಸುಮಾರು 800 ವರ್ಷ. ನಮಗೂ ಕೆಂಪೇಗೌಡರಿಗೂ ಇರುವುದು 500 ವರ್ಷಕ್ಕಿಂತ ಕಡಿಮೆ. ಕಿತ್ತಯ್ಯನಿಗೆ ಕುಲ್ಲಾಯಿ ತೊಡಿಸಿದರೂ ಅದು ಕಿರೀಟದಷ್ಟೇ ತಪ್ಪು. ಅವನ ಬಟ್ಟೆ, ಕೂದಲು, ಆಯುಧಗಳನ್ನು ಆ ಕಲ್ಲಿನಿಂದಲೇ ಓದಿಕೊಳ್ಳಬೇಕು. 'ಹಳೆಯ ಕಾಲದ ಉಡುಪು' ಎಂಬ ಒಂದು ಉಡುಪು ಇಲ್ಲವೇ ಇಲ್ಲ.

ಕೊನೆಯದಾಗಿ ಒಂದು ಬೇಡಿಕೆ. ನಾಟಕದ ಪೋಸ್ಟರಿನಲ್ಲಿ ಮುಖ್ಯ ಅತಿಥಿಗಳ ಹೆಸರಿಗೆ, ಅವರ ಬಿರುದುಗಳಿಗೆ, ಪ್ರಾಯೋಜಕರ ಲೋಗೋಗಳಿಗೆ ಅರ್ಧ ಜಾಗ ಸಿಗುತ್ತದೆ. ಕೆಳಗಿನ ಮೂಲೆಯಲ್ಲಿ ಒಂದೇ ಒಂದು ಸಾಲಿಗೆ ಜಾಗ ಕೊಡಿ: "ಉಡುಪು ಲೇಪಾಕ್ಷಿಯ ಚಿತ್ರಗಳನ್ನು ನೋಡಿ ಕಲ್ಪಿಸಿದ್ದು, ಮುಖ ನಮ್ಮ ಶಾಲೆಯ ಹುಡುಗನದು." ಈ ಸಾಲನ್ನು ಧೈರ್ಯವಾಗಿ ಅಚ್ಚು ಹಾಕಬಲ್ಲ ಶಾಲೆ ಹುಡುಗನಿಗೆ ಏನು ಬೇಕಾದರೂ ತೊಡಿಸಲಿ, ನನ್ನ ಅಭ್ಯಂತರವಿಲ್ಲ. ಆ ಸಾಲು ಬರೆಯಲು ಹೊರಟ ದಿನವೇ ಅವರು ಕಿರೀಟದ ಫೈಲನ್ನು ಡಿಲೀಟ್ ಮಾಡಿರುತ್ತಾರೆ.